ರೆಪೊ ಇಳಿದರೂ ಇಎಂಐ ಇಳಿಯಲಿಲ್ಲವೇಕೆ? ಉತ್ತರ ನಿಮ್ಮ ಸಾಲದ ಸ್ಟೇಟ್‌ಮೆಂಟ್‌ನಲ್ಲೇ ಇದೆ

2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ನಾಲ್ಕು ಸಲ ರೆಪೊ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರ ಇಳಿಸಿತು. ಶೇ 6.50 ಇದ್ದದ್ದು ಶೇ 5.25ಕ್ಕೆ ಬಂತು. ಪ್ರತಿ ಸಲವೂ ‘ಗೃಹಸಾಲ ಅಗ್ಗ’, ‘ಇಎಂಐ ಹೊರೆ ಇಳಿಕೆ’ ಎಂಬ ಸುದ್ದಿ ಬಂತು. ಆದರೆ ಹಳೆಯ ಸಾಲ ಕಟ್ಟುತ್ತಿರುವ ಎಷ್ಟೋ ಮನೆಗಳಲ್ಲಿ ತಿಂಗಳ ಐದನೇ ತಾರೀಖು ಖಾತೆಯಿಂದ ಹೋಗುವ ಮೊತ್ತ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಬ್ಯಾಂಕು ಇಳಿಕೆಯ ಲಾಭವನ್ನು ತಾನೇ ಇಟ್ಟುಕೊಂಡಿತೇ ಎಂಬ ಅನುಮಾನ ಹುಟ್ಟುವುದು ಸಹಜ.

ಕೆಲವು ಸಾಲಗಳಲ್ಲಿ ಆ ಅನುಮಾನ ನಿಜವೂ ಇರಬಹುದು. ಆದರೆ ಹೆಚ್ಚಿನ ಕಡೆ ಆಗಿರುವುದು ಬೇರೆ. ದರ ಬದಲಾಗಿದೆ, ಅದರ ಪರಿಣಾಮ ಮಾತ್ರ ಇಎಂಐ ಮೇಲೆ ಬೀಳದೆ ಸಾಲದ ಅವಧಿಯ ಮೇಲೆ ಬಿದ್ದಿದೆ. ಅವಧಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆಂದು ಪ್ರತಿ ತಿಂಗಳು ಎಸ್‌ಎಂಎಸ್ ಬರುವುದಿಲ್ಲ. 2022ರಲ್ಲಿ ದರ ಏರಿದಾಗ ಅವಧಿ ಬೆಳೆದದ್ದೂ ಹೀಗೆ ಸದ್ದಿಲ್ಲದೆಯೇ. ಅದನ್ನು ಸ್ಟೇಟ್‌ಮೆಂಟ್‌ನಿಂದ ನಾವೇ ಲೆಕ್ಕ ಹಾಕಿಕೊಳ್ಳಬಹುದು. ಲೆಕ್ಕ ಗೊತ್ತಿದ್ದರೆ ಬ್ಯಾಂಕಿನಲ್ಲಿ ಏನು ಕೇಳಬೇಕೆಂಬುದೂ ಗೊತ್ತಾಗುತ್ತದೆ.

## ದರ ಬದಲಾಗುವುದು ಯಾವ ದಿನ?

ಫ್ಲೋಟಿಂಗ್ ದರದ ಸಾಲದಲ್ಲಿ ನಿಮ್ಮ ಬಡ್ಡಿಗೆ ಎರಡು ಭಾಗ: ಒಂದು ಮಾನದಂಡ ದರ, ಅದರ ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳ ಮಾನದಂಡ ಬ್ಯಾಂಕಿನ ಹೊರಗಿನದೇ ಆಗಿರಬೇಕು. ಹೆಚ್ಚಿನ ಬ್ಯಾಂಕುಗಳು ರೆಪೊ ದರವನ್ನೇ ಆರಿಸಿಕೊಂಡವು. ಇಂಥ ಸಾಲದ ಬಡ್ಡಿಯನ್ನು ಮೂರು ತಿಂಗಳಿಗೆ ಒಮ್ಮೆಯಾದರೂ ಮರುಹೊಂದಿಸಬೇಕು. ಬ್ಯಾಂಕಿನ ಭಾಷೆಯಲ್ಲಿ ಇದೇ ‘ರೀಸೆಟ್’.

ಹಾಗಾಗಿ ಆರ್‌ಬಿಐ ಘೋಷಿಸಿದ ದಿನವೇ ನಿಮ್ಮ ದರ ಇಳಿಯಬೇಕೆಂದಿಲ್ಲ. ಡಿಸೆಂಬರ್ 5ರ ಇಳಿಕೆ ಕೆಲವರ ಸಾಲಕ್ಕೆ ಜನವರಿಯಲ್ಲಿ, ಇನ್ನು ಕೆಲವರಿಗೆ ಅದಕ್ಕೂ ತಡವಾಗಿ ತಲುಪುತ್ತದೆ. ನಿಮ್ಮ ರೀಸೆಟ್ ತಾರೀಖು ಸಾಲದ ಒಪ್ಪಂದಪತ್ರದಲ್ಲಿರುತ್ತದೆ.

2016ರಿಂದ 2019ರ ನಡುವೆ ಬ್ಯಾಂಕಿನಿಂದ ಸಾಲ ತೆಗೆದುಕೊಂಡು ಆಮೇಲೆ ಬದಲಾಯಿಸಿಕೊಳ್ಳದವರ ಸಾಲ ಈಗಲೂ ಎಂಸಿಎಲ್‌ಆರ್ ಪದ್ಧತಿಯಲ್ಲೇ, ಅಂದರೆ ಬ್ಯಾಂಕು ತನ್ನದೇ ವೆಚ್ಚ ನೋಡಿ ನಿಗದಿಮಾಡುವ ಮಾನದಂಡ ದರದಲ್ಲೇ ಇರಬಹುದು. ಅಲ್ಲಿ ರೀಸೆಟ್ ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಮತ್ತು ರೆಪೊ ಇಳಿದಷ್ಟೇ ಎಂಸಿಎಲ್‌ಆರ್ ಇಳಿಯಬೇಕೆಂಬ ನಿಯಮವಿಲ್ಲ. ಹೌಸಿಂಗ್ ಫೈನಾನ್ಸ್ ಕಂಪನಿಗಳ ಸಾಲಕ್ಕೆ ಹೊರಗಿನ ಮಾನದಂಡದ ಕಡ್ಡಾಯವೇ ಇಲ್ಲ. ಅವು ಸಾಮಾನ್ಯವಾಗಿ ತಾವೇ ನಿಗದಿಮಾಡುವ ಪಿಎಲ್‌ಆರ್ ಎಂಬ ಮಾನದಂಡ ದರದ ಆಧಾರದಲ್ಲಿ ನಡೆಯುತ್ತವೆ. ಈ ಎರಡು ಬಗೆಯ ಸಾಲಗಾರರು ರೆಪೊ ಸುದ್ದಿಗಿಂತ ತಮ್ಮ ಸ್ಟೇಟ್‌ಮೆಂಟ್‌ನಲ್ಲಿ ಅಚ್ಚಾಗಿರುವ ದರವನ್ನೇ ನೋಡಬೇಕು. ಇಲ್ಲಿಂದ ಮುಂದಿನ ಉದಾಹರಣೆ ರೆಪೊ ಆಧಾರಿತ ಸಾಲದ್ದು. ಅಸಲು, ಬಡ್ಡಿ, ಅವಧಿಯ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ.

## 2022ರಲ್ಲಿ ಶುರುವಾದ ಒಂದು ಸಾಲ

ದರ ತೀರ ಕಡಿಮೆಯಿದ್ದ ಕಾಲದಲ್ಲಿ ತೆಗೆದ ಸಾಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಏಕೆಂದರೆ ಗೊಂದಲ ಅತಿ ಹೆಚ್ಚಾಗಿರುವುದು ಅಂಥವರಿಗೇ. 38 ವರ್ಷದ ಒಬ್ಬ ಉದ್ಯೋಗಿ ₹30 ಲಕ್ಷ ಸಾಲ ತೆಗೆದು, 2022ರ ಜನವರಿಯಲ್ಲಿ ಮೊದಲ ಕಂತು ಕಟ್ಟಿದರು ಎಂದುಕೊಳ್ಳಿ. ಆಗ ರೆಪೊ ಶೇ 4.00, ಬ್ಯಾಂಕಿನ ಸ್ಪ್ರೆಡ್ ಶೇ 2.90, ಒಟ್ಟು ಬಡ್ಡಿ ಶೇ 6.90. ಅವಧಿ 20 ವರ್ಷ, ಅಂದರೆ 240 ಕಂತು. ಇಎಂಐ ₹23,079. ಕೊನೆಯ ಕಂತು 2041ರ ಡಿಸೆಂಬರ್‌ನಲ್ಲಿ, ಅವರಿಗೆ 58 ತುಂಬುವ ಹೊತ್ತಿಗೆ.

ಮೊದಲ ತಿಂಗಳ ಕಂತನ್ನು ಬಿಡಿಸಿ ನೋಡಿ. ₹30 ಲಕ್ಷಕ್ಕೆ ಶೇ 6.90ರಂತೆ ವರ್ಷದ ಬಡ್ಡಿಯನ್ನು 12ರಿಂದ ಭಾಗಿಸಿದರೆ ತಿಂಗಳ ಬಡ್ಡಿ ₹17,250. ಕಟ್ಟಿದ ₹23,079ರಲ್ಲಿ ಇದನ್ನು ಕಳೆದರೆ ಉಳಿಯುವುದು ₹5,829. ಸಾಲದಲ್ಲಿ ನಿಜವಾಗಿ ಕಡಿಮೆಯಾಗುವುದು ಇಷ್ಟೇ. ಇಡೀ ಲೆಕ್ಕದ ಕೀಲಿ ಈ ಸಣ್ಣ ಮೊತ್ತದಲ್ಲಿದೆ. ಸಾಲ ಎಷ್ಟು ವರ್ಷಕ್ಕೆ ತೀರುತ್ತದೆ ಎಂಬುದನ್ನು ನಿರ್ಧರಿಸುವುದು ಇಎಂಐ ಅಲ್ಲ, ಇಎಂಐ ಒಳಗೆ ಅಸಲಿಗೆ ಹೋಗುವ ಭಾಗ.

2022ರ ಮೇ ತಿಂಗಳಿಂದ ಆರ್‌ಬಿಐ ದರ ಏರಿಸತೊಡಗಿತು. ಈ ಸಾಲಕ್ಕೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ರೀಸೆಟ್ ಎಂದಿಟ್ಟುಕೊಂಡರೆ, ಅಕ್ಟೋಬರ್ ಹೊತ್ತಿಗೆ ಬಡ್ಡಿ ಶೇ 8.80. ಬ್ಯಾಂಕು ಇಎಂಐ ಮುಟ್ಟಲಿಲ್ಲ, ₹23,079ರಲ್ಲೇ ಉಳಿಸಿತು. ಆದರೆ ತಿಂಗಳ ಬಡ್ಡಿ ₹21,655ಕ್ಕೆ ಏರಿತ್ತು. ಅಸಲಿಗೆ ಹೋಗುತ್ತಿದ್ದ ₹5,829 ಈಗ ₹1,424ಕ್ಕೆ ಇಳಿಯಿತು. ಬಡ್ಡಿ ಏರಿದ್ದು ಕಾಲು ಭಾಗದಷ್ಟು, ಅಸಲಿನ ಪಾಲು ಕುಸಿದದ್ದು ಮುಕ್ಕಾಲು ಭಾಗ. ಉಳಿದ ಕಂತು 231 ಇರಬೇಕಿತ್ತು, ಲೆಕ್ಕ 381 ತೋರಿಸಿತು. ಜನವರಿಯಲ್ಲಿ ದರ ಶೇ 9.15 ಆದಾಗ ಉಳಿದ ಅವಧಿ 482 ತಿಂಗಳು, ಅಂದರೆ ನಲವತ್ತು ವರ್ಷ.

2023ರ ಏಪ್ರಿಲ್‌ನಲ್ಲಿ ದರ ಶೇ 9.40. ಆಗ ಬಾಕಿ ಅಸಲು ₹29,46,915. ಅದರ ತಿಂಗಳ ಬಡ್ಡಿ ₹23,084. ಕಟ್ಟುತ್ತಿರುವ ಕಂತು ₹23,079. ಬಡ್ಡಿಗೇ ಐದು ರೂಪಾಯಿ ಕಡಿಮೆ! ಅಲ್ಲಿಂದ ಮುಂದೆ ಎಷ್ಟು ವರ್ಷ ಕಟ್ಟಿದರೂ ಸಾಲ ತೀರದು, ಕಟ್ಟದ ಬಡ್ಡಿ ಅಸಲಿಗೆ ಸೇರುತ್ತಾ ಸಾಲ ಬೆಳೆಯುತ್ತದೆ. ವಾಸ್ತವದಲ್ಲಿ ಹೆಚ್ಚಿನ ಬ್ಯಾಂಕುಗಳಿಗೆ ಒಟ್ಟು ಅವಧಿಗೂ ಸಾಲಗಾರರ ವಯಸ್ಸಿಗೂ ಮಿತಿ ಇರುವುದರಿಂದ ಇದಕ್ಕೆ ಮೊದಲೇ ಇಎಂಐ ಏರಿಸಿರುತ್ತವೆ. ಸ್ಥಿರ ಇಎಂಐ ಎಲ್ಲಿಗೆ ಒಯ್ಯುತ್ತದೆ ಎಂಬುದು ಪೂರ್ತಿ ಕಾಣಲೆಂದು ಇಲ್ಲಿ ಈ ಹಂತದವರೆಗೆ ತಂದಿದ್ದೇವೆ.

ಮೊದಲಿನ ಅವಧಿಯಲ್ಲೇ ತೀರಿಸಬೇಕಿದ್ದರೆ ಏಪ್ರಿಲ್‌ನಿಂದ ಇಎಂಐ ₹27,906 ಆಗಬೇಕಿತ್ತು, ತಿಂಗಳಿಗೆ ಸುಮಾರು ₹4,800 ಹೆಚ್ಚು. ಒಮ್ಮೆಲೇ ಅಷ್ಟು ಹೊರಲಾರದೆ ನಡುವಿನ ದಾರಿಯಾಗಿ ₹25,500ಕ್ಕೆ ಒಪ್ಪಿದರು ಎಂದುಕೊಳ್ಳಿ. ಆಗ ಉಳಿದ ಅವಧಿ 302 ತಿಂಗಳು, ಕೊನೆಯ ಕಂತು 2048ರ ಮೇ ತಿಂಗಳಲ್ಲಿ, ಅವರ 64ನೇ ವಯಸ್ಸಿನಲ್ಲಿ. ಕರ್ನಾಟಕ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಅವರು ಸರ್ಕಾರಿ ನೌಕರರಾಗಿದ್ದರೆ ಪಿಂಚಣಿಯಿಂದ ನಾಲ್ಕು ವರ್ಷ ಕಂತು ಕಟ್ಟುವ ಸ್ಥಿತಿ.

## ಎರಡು ವಾದ, ಮಧ್ಯೆ ಆರ್‌ಬಿಐ

ಇಎಂಐ ಹಾಗೇ ಇಟ್ಟು ಅವಧಿ ಬೆಳೆಸುವ ಪದ್ಧತಿಗೆ ಬ್ಯಾಂಕುಗಳು ಕೊಡುವ ಸಮರ್ಥನೆಯನ್ನು ತಳ್ಳಿಹಾಕುವಂತಿಲ್ಲ. ಸಂಬಳ ಮೂರು ತಿಂಗಳಿಗೊಮ್ಮೆ ಏರುವುದಿಲ್ಲ, ಕಂತು ಮಾತ್ರ ಏರುತ್ತಾ ಹೋದರೆ ಮನೆಯ ತಿಂಗಳ ಲೆಕ್ಕ ತಪ್ಪುತ್ತದೆ, ಕಂತು ತಪ್ಪಿದರೆ ಸಾಲಗಾರರಿಗೂ ಬ್ಯಾಂಕಿಗೂ ನಷ್ಟ ಎಂಬುದು ಅವರ ಮಾತು. ದರ ಇಂದು ಏರಿದರೆ ನಾಳೆ ಇಳಿಯುತ್ತದೆ, ಆಗ ಅವಧಿಯೂ ತಾನೇ ಸರಿಹೋಗುತ್ತದೆ ಎಂಬ ನಿರೀಕ್ಷೆಯೂ ಇದರ ಹಿಂದಿದೆ.

ಸಾಲಗಾರರ ಪರ ನಿಲ್ಲುವವರ ಆಕ್ಷೇಪ ಇರುವುದು ಇಲ್ಲಿಯೇ. ಅವಧಿ ಬೆಳೆಸಿದಾಗ ಒಟ್ಟು ಬಡ್ಡಿ ಲಕ್ಷಗಟ್ಟಲೆ ಬೆಳೆಯುತ್ತದೆ. ಇಷ್ಟು ದೊಡ್ಡ ಬದಲಾವಣೆಯನ್ನು ಸಾಲಗಾರರನ್ನು ಕೇಳದೆಯೇ ಮಾಡಲಾಗಿತ್ತು, ಎಷ್ಟೋ ಜನರಿಗೆ ತಿಳಿಸಿಯೂ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಆಕ್ಷೇಪಕ್ಕೇ ಹೆಚ್ಚು ತೂಕ. ಅವಧಿ ಬೆಳೆಸಿದ್ದು ಎಲ್ಲರಿಗೂ ತಪ್ಪು ಆಯ್ಕೆ ಎಂದಲ್ಲ, ಆಯ್ಕೆ ಯಾರದ್ದಾಗಬೇಕಿತ್ತೋ ಅವರ ಕೈಯಲ್ಲಿ ಇರಲಿಲ್ಲ.

2023ರ ಆಗಸ್ಟ್ 18ರಂದು ಆರ್‌ಬಿಐ ಹೊರಡಿಸಿದ ಸುತ್ತೋಲೆ ಇದೇ ಕೊರತೆಯನ್ನು ತುಂಬಲು ಬಂದದ್ದು. ಅದು ಹಳೆಯ ಸಾಲಗಳಿಗೂ ಅನ್ವಯ, ಬ್ಯಾಂಕುಗಳಿಗೂ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಅನ್ವಯ. ದರ ಮರುಹೊಂದಿಸುವಾಗ ಇಎಂಐ ಏರಿಸುವುದೋ, ಅವಧಿ ಬೆಳೆಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು. ಸಾಲದ ಒಂದು ಭಾಗವನ್ನೋ ಪೂರ್ತಿಯನ್ನೋ ಯಾವಾಗ ಬೇಕಾದರೂ ಮೊದಲೇ ಕಟ್ಟಲು ಬಿಡಬೇಕು. ಅವಧಿ ಬೆಳೆಸಿದ್ದರಿಂದ ಕಂತು ಬಡ್ಡಿಗೂ ಸಾಕಾಗದಂಥ ಸ್ಥಿತಿ ಬರಕೂಡದು. ಮೂರು ತಿಂಗಳಿಗೊಮ್ಮೆ ಕೊಡುವ ಸ್ಟೇಟ್‌ಮೆಂಟ್‌ನಲ್ಲಿ ಈವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಇಎಂಐ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ಬಡ್ಡಿದರ ಇವಿಷ್ಟು ಇರಲೇಬೇಕು. ಸ್ಥಿರ ದರಕ್ಕೆ ಬದಲಾಗುವ ಅವಕಾಶವನ್ನೂ ಆ ಸುತ್ತೋಲೆ ಕಡ್ಡಾಯ ಮಾಡಿತ್ತು, ಆದರೆ 2025ರ ಅಕ್ಟೋಬರ್ 1ರಿಂದ ಅದನ್ನು ಸಾಲ ಕೊಟ್ಟವರ ವಿವೇಚನೆಗೆ ಬಿಡಲಾಗಿದೆ.

## ಈಗಿನ ಸ್ಟೇಟ್‌ಮೆಂಟ್ ಎದುರಿಗಿಟ್ಟುಕೊಂಡು

ನಮ್ಮ ಉದಾಹರಣೆಯ ಸಾಲಗಾರರು 2025ರ ಡಿಸೆಂಬರ್ ವೇಳೆಗೆ 48 ಕಂತು ಕಟ್ಟಿದ್ದಾರೆ. ಜನವರಿ ರೀಸೆಟ್‌ನ ಮುನ್ನಾದಿನ ಅವರ ಸ್ಟೇಟ್‌ಮೆಂಟ್ ಹೇಳುವುದು ಇಷ್ಟು: ಬಾಕಿ ಅಸಲು ₹28,39,862, ಬಡ್ಡಿ ಶೇ 8.40, ಇಎಂಐ ₹25,500, ಉಳಿದ ಕಂತು 217. ಜನವರಿ 1ರಿಂದ ಬಡ್ಡಿ ಶೇ 8.15.

ಮೊದಲು ಸ್ಪ್ರೆಡ್ ಪರೀಕ್ಷಿಸಿ. ಶೇ 8.15ರಲ್ಲಿ ರೆಪೊ ದರ ಶೇ 5.25 ಕಳೆದರೆ ಶೇ 2.90. ಸಾಲ ತೆಗೆದ ದಿನವೂ ಅಷ್ಟೇ ಇತ್ತು, ಆದ್ದರಿಂದ ರೆಪೊ ಇಳಿಕೆ ಪೂರ್ತಿಯಾಗಿ ತಲುಪಿದೆ. ಇಲ್ಲಿ ಬರುವ ಅಂಕಿ ನಿಮ್ಮ ಮಂಜೂರಾತಿ ಪತ್ರದಲ್ಲಿದ್ದದ್ದಕ್ಕಿಂತ ಹೆಚ್ಚಿದ್ದರೆ ಒಂದೋ ರೀಸೆಟ್ ಇನ್ನೂ ಆಗಿಲ್ಲ, ಇಲ್ಲವೇ ಬ್ಯಾಂಕು ಸ್ಪ್ರೆಡ್ ಏರಿಸಿದೆ. ಸಾಲಗಾರರ ಸಾಲಯೋಗ್ಯತೆಯಲ್ಲಿ ಗಣನೀಯ ಬದಲಾವಣೆ ಕಂಡಾಗ ಸ್ಪ್ರೆಡ್‌ನಲ್ಲಿರುವ ಅಪಾಯದ ಭಾಗವನ್ನು ಬ್ಯಾಂಕು ಬದಲಿಸಬಹುದು, ಉಳಿದ ಭಾಗಗಳನ್ನು ಮೂರು ವರ್ಷಕ್ಕೊಮ್ಮೆ ಮಾತ್ರ. ಹಾಗಾಗಿ ಸ್ಪ್ರೆಡ್ ಏರಿದ್ದರೆ ಕಾರಣ ಕೇಳುವುದು ನಿಮ್ಮ ಹಕ್ಕು.

ಆಮೇಲೆ ತಿಂಗಳ ಬಡ್ಡಿ. ಬಾಕಿ ಅಸಲನ್ನು ಹಳೆಯ ದರದಿಂದ ಗುಣಿಸಿ 12ರಿಂದ ಭಾಗಿಸಿದರೆ ₹19,879, ಹೊಸ ದರದಲ್ಲಿ ₹19,287. ₹25,500ರಲ್ಲಿ ಅಸಲಿಗೆ ಹೋಗುವುದು ₹5,621ರಿಂದ ₹6,213ಕ್ಕೆ ಏರಿತು. ತಿಂಗಳಿಗೆ ₹592 ಹೆಚ್ಚು. ಇಎಂಐ ಕದಲದಿದ್ದರೂ ದರ ಇಳಿಕೆಯ ಲಾಭ ಸೇರಿದ್ದು ಇಲ್ಲಿಗೆ.

ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಬಡ್ಡಿ ಇದಕ್ಕೆ ಸರಿಯಾಗಿ ಹೊಂದದಿದ್ದರೆ ಗಾಬರಿ ಬೇಡ. ಅನೇಕ ಬ್ಯಾಂಕುಗಳು ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುತ್ತವೆ. ಇದೇ ಅಸಲಿಗೆ 31 ದಿನದ ಜನವರಿಯಲ್ಲಿ ಬಡ್ಡಿ ₹19,657 ಬಂದರೆ 28 ದಿನದ ಫೆಬ್ರುವರಿಯಲ್ಲಿ ₹17,755 ಆಸುಪಾಸು ಬರುತ್ತದೆ. ದರ ಬದಲಾಗದೆಯೂ ಬಡ್ಡಿ ಹೀಗೆ ಹೆಚ್ಚುಕಡಿಮೆ ಆಗುತ್ತದೆ, ವರ್ಷದ ಮೊತ್ತದಲ್ಲಿ ಸರಿಹೋಗುತ್ತದೆ. ಒಂದು ತಿಂಗಳ ಅಂಕಿ ನೋಡಿ ದರ ಏರಿತು ಅಥವಾ ಇಳಿಯಿತು ಎಂದು ತೀರ್ಮಾನಿಸಬೇಡಿ.

ಉಳಿದ ಅವಧಿಗೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಒಂದು ಖಾಲಿ ಕೋಶದಲ್ಲಿ ಮೊದಲ ಸಾಲನ್ನು ಟೈಪ್ ಮಾಡಿದರೆ ಇಎಂಐ ಬದಲಿಸದಿದ್ದಾಗ ಎಷ್ಟು ತಿಂಗಳು ಉಳಿಯುತ್ತದೆ ಎಂದು ತಿಳಿಯುತ್ತದೆ. ಎರಡನೆಯದು, ಅವಧಿ ಬದಲಿಸದಿದ್ದಾಗ ಇಎಂಐ ಎಷ್ಟಾಗಬೇಕು ಎಂದು ಹೇಳುತ್ತದೆ.

```
=NPER(8.15%/12, -25500, 2839862)
=PMT(8.15%/12, 217, -2839862)
```

ಮೊದಲನೆಯದರ ಉತ್ತರ 208.6, ಅಂದರೆ 209 ಕಂತು, ಕೊನೆಯದು ಸ್ವಲ್ಪ ಚಿಕ್ಕದು. ಎರಡನೆಯದರ ಉತ್ತರ ಸುಮಾರು ₹25,055. ಶೇ 0.25ರ ಇಳಿಕೆ ಎಂದರೆ ಈ ಸಾಲಗಾರರಿಗೆ ಒಂದೋ 8 ಕಂತು ಕಡಿಮೆ, ಇಲ್ಲವೇ ತಿಂಗಳಿಗೆ ₹445 ಕಡಿಮೆ. ನಿಮ್ಮ ಸಾಲಕ್ಕೆ ಅಸಲು, ದರ, ಇಎಂಐ, ಕಂತು ಈ ನಾಲ್ಕನ್ನು ಬದಲಿಸಿಕೊಂಡರಾಯಿತು. ಕಳೆಯುವ ಚಿಹ್ನೆಯನ್ನು ಬಿಟ್ಟರೆ ಮೊದಲ ಸೂತ್ರ ತಪ್ಪು ಉತ್ತರ ಕೊಡುತ್ತದೆ, ಎಚ್ಚರ.

ಬ್ಯಾಂಕು ಹೇಳುವ ಉಳಿದ ಕಂತಿಗೂ ನಿಮ್ಮ ಲೆಕ್ಕಕ್ಕೂ ಒಂದೆರಡು ಕಂತಿನ ವ್ಯತ್ಯಾಸ ಬಂದರೆ ಅದು ದಿನದ ಲೆಕ್ಕದಿಂದ ಬಂದದ್ದು. ಹತ್ತಾರು ಕಂತು ವ್ಯತ್ಯಾಸವಿದ್ದರೆ ಬ್ಯಾಂಕಿನ ಕಡೆ ಅವಧಿಯನ್ನು ಇನ್ನೂ ತಿದ್ದಿಲ್ಲ, ಇಲ್ಲವೇ ಸ್ಟೇಟ್‌ಮೆಂಟ್‌ನಲ್ಲಿ ಅಸಲು ಎಂದುಕೊಂಡ ಅಂಕಿಗೆ ಬೇರೆ ಶುಲ್ಕವೋ ವಿಮೆಯ ಕಂತೋ ಸೇರಿದೆ. ಎರಡನ್ನೂ ಕೇಳಿ ತಿಳಿದುಕೊಳ್ಳಬೇಕು.

## ಹಳೆಯ ದರ ಬಂದರೂ ಹಳೆಯ ಅವಧಿ ಬರುವುದಿಲ್ಲ

ದರ ಇಳಿದಾಗ ಅವಧಿ ತಾನಾಗಿ ಸರಿಹೋಗುತ್ತದೆ ಎಂಬ ಮಾತನ್ನು ಈಗ ಪರೀಕ್ಷಿಸಬಹುದು. ಉಳಿದ 209 ಕಂತು ಎಂದರೆ ಸಾಲ ತೀರುವುದು 2043ರ ಮೇ ತಿಂಗಳಲ್ಲಿ. 2048ಕ್ಕೆ ಹೋಲಿಸಿದರೆ ದೊಡ್ಡ ಸುಧಾರಣೆ. ಆದರೆ ಮೊದಲ ಒಪ್ಪಂದದ 2041ರ ಡಿಸೆಂಬರ್‌ಗಿಂತ ಇನ್ನೂ 17 ತಿಂಗಳು ತಡ, ಅದೂ ತಿಂಗಳಿಗೆ ₹2,421 ಹೆಚ್ಚು ಕಟ್ಟುತ್ತಿರುವಾಗ.

ದರ ಇನ್ನೂ ಶೇ 6.90ಕ್ಕೆ ಇಳಿದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಗಟ್ಟಿಯಾದದ್ದು. ದರ ಶೇ 9.40 ಇದ್ದ ಎರಡು ವರ್ಷಗಳಲ್ಲಿ ಅವರು ಕಟ್ಟಿದ್ದು ₹6,12,000. ಅದರಲ್ಲಿ ಅಸಲಿಗೆ ಹೋದದ್ದು ಸುಮಾರು ₹63,500 ಮಾತ್ರ. ಶೇ 6.90 ಕೊನೆಯವರೆಗೂ ಇದ್ದಿದ್ದರೆ 48 ಕಂತಿನ ನಂತರ ಬಾಕಿ ಸುಮಾರು ₹26,79,000 ಇರುತ್ತಿತ್ತು. ಈಗ ಅದಕ್ಕಿಂತ ₹1,61,000 ಹೆಚ್ಚಿದೆ. ಏರಿಕೆಯ ವರ್ಷಗಳಲ್ಲಿ ಕರಗದೆ ಉಳಿದ ಆ ಅಸಲು ಈಗಲೂ ಅಲ್ಲೇ ಇದೆ, ಅದಕ್ಕೆ ಬಡ್ಡಿ ಬೀಳುತ್ತಲೇ ಇದೆ. ನಾಳೆಯೇ ದರ ಶೇ 6.90ಕ್ಕೆ ಬಂದರೂ ಆ ಮೊತ್ತ ಮಾಯವಾಗುವುದಿಲ್ಲ.

ಏರಿಕೆಗೂ ಇಳಿಕೆಗೂ ಅವಧಿ ಒಂದೇ ಅಳತೆಯಲ್ಲಿ ಸ್ಪಂದಿಸುವುದಿಲ್ಲ ಎಂಬುದನ್ನೂ ಗಮನಿಸಿ. 2023ರ ಏಪ್ರಿಲ್‌ನ ಶೇ 0.25 ಏರಿಕೆ ನಲವತ್ತು ವರ್ಷದ ಸಾಲವನ್ನು ತೀರದ ಸಾಲ ಮಾಡಿತು. 2026ರ ಜನವರಿಯ ಅಷ್ಟೇ ಇಳಿಕೆ 8 ಕಂತು ಕಳೆಯಿತು. ಅಸಲಿನ ಪಾಲು ಕಡಿಮೆ ಇದ್ದಷ್ಟೂ ದರದ ಸಣ್ಣ ಬದಲಾವಣೆ ಅವಧಿಯನ್ನು ಹೆಚ್ಚು ಅಲುಗಿಸುತ್ತದೆ. ಸಾಲದ ಕೊನೆಯ ವರ್ಷಗಳಲ್ಲಿ, ಕಂತಿನ ಹೆಚ್ಚಿನ ಭಾಗ ಅಸಲಿಗೇ ಹೋಗುವಾಗ, ಅಷ್ಟೇ ಬದಲಾವಣೆ ಒಂದು ಕಂತನ್ನೂ ಕದಲಿಸದಿರಬಹುದು. ಪಕ್ಕದ ಮನೆಯವರಿಗೆ ಎಷ್ಟು ಕಂತು ಕಡಿಮೆಯಾಯಿತು ಎಂಬುದರಿಂದ ನಮ್ಮದನ್ನು ಊಹಿಸಲಾಗದು.

## ಯಾವುದನ್ನು ಕೇಳಬೇಕು?

ಇಎಂಐ ಇಳಿಸಿಕೊಂಡರೆ 217 ಕಂತಿಗೆ ಒಟ್ಟು ಸುಮಾರು ₹54.37 ಲಕ್ಷ ಕಟ್ಟಬೇಕು. ಇಎಂಐ ಹಾಗೇ ಬಿಟ್ಟು ಅವಧಿ ಇಳಿಸಿಕೊಂಡರೆ ₹53.20 ಲಕ್ಷ. ವ್ಯತ್ಯಾಸ ₹1.17 ಲಕ್ಷ. ಆದ್ದರಿಂದ ದರ ಇಳಿದಾಗ ಬ್ಯಾಂಕು ಇಎಂಐ ಮುಟ್ಟದೆ ಅವಧಿ ಕಡಿಮೆ ಮಾಡಿದ್ದರೆ, ಈ ಒಂದು ವಿಷಯದಲ್ಲಿ, ಅದು ಸಾಲಗಾರರಿಗೆ ಅನುಕೂಲವೇ. ಕಂತು ಕಟ್ಟಲು ಕೈಸಾಲ ಮಾಡುವ ಸ್ಥಿತಿಯಲ್ಲಿದ್ದರೆ, ಅಥವಾ ಕ್ರೆಡಿಟ್ ಕಾರ್ಡಿನಂಥ ದುಬಾರಿ ಬಾಕಿ ಇದ್ದರೆ ಮಾತ್ರ ಇಎಂಐ ಇಳಿಸಿಕೊಳ್ಳುವುದು ಸರಿಯಾದ ಆಯ್ಕೆ. ಉಳಿಯುವ ₹445 ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಹೆಚ್ಚಿನವರು ಕೇಳದೇ ಬಿಡುವ ಮೂರನೆಯ ಆಯ್ಕೆಯೊಂದಿದೆ. ದರ ಇಳಿದಿರುವ ಈಗ ಇಎಂಐಯನ್ನು ಸ್ವಲ್ಪ ಏರಿಸಿಕೊಳ್ಳುವುದು. ಎರಡನೇ ಸೂತ್ರದಲ್ಲಿ 217ರ ಬದಲು ಮೊದಲ ಒಪ್ಪಂದದ ಪ್ರಕಾರ ಉಳಿಯಬೇಕಿದ್ದ 192 ಹಾಕಿ ನೋಡಿ. ಉತ್ತರ ₹26,517. ಈಗ ಕಟ್ಟುತ್ತಿರುವುದಕ್ಕಿಂತ ಸುಮಾರು ಸಾವಿರ ರೂಪಾಯಿ ಹೆಚ್ಚು ಕಟ್ಟಿದರೆ ಸಾಲ ಮತ್ತೆ 2041ರ ಡಿಸೆಂಬರ್‌ಗೆ ಮುಗಿಯುತ್ತದೆ. ಒಟ್ಟು ಕಟ್ಟುವುದು ₹50.91 ಲಕ್ಷ, ಅಂದರೆ ಇನ್ನೂ ₹2.28 ಲಕ್ಷ ಉಳಿತಾಯ. 2023ರಲ್ಲಿ ಇದೇ ಗುರಿ ಮುಟ್ಟಲು ಸುಮಾರು ₹4,800 ಏರಿಸಬೇಕಿತ್ತು ಎಂಬುದನ್ನು ನೆನೆದರೆ, ದರ ಇಳಿದ ಸಮಯ ಎಷ್ಟು ಅನುಕೂಲದ್ದು ಎಂದು ತಿಳಿಯುತ್ತದೆ. ನಾಲ್ಕು ವರ್ಷದಲ್ಲಿ ಸಂಬಳ ಸ್ವಲ್ಪವಾದರೂ ಏರಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ತಿಂಗಳ ಹೊರೆ ಏರಿಸಿಕೊಳ್ಳಲು ಮನಸ್ಸಿಲ್ಲದವರು ಇದೇ ಕೆಲಸವನ್ನು ಒಂದೇ ಸಲ ಸುಮಾರು ₹1.09 ಲಕ್ಷ ಅಸಲಿಗೆ ಕಟ್ಟಿ ಮಾಡಬಹುದು. ವ್ಯಕ್ತಿಗಳು ತೆಗೆದ ಫ್ಲೋಟಿಂಗ್ ದರದ ಗೃಹಸಾಲವನ್ನು ಮೊದಲೇ ಕಟ್ಟಿದರೆ ಶುಲ್ಕ ಹಾಕುವಂತಿಲ್ಲ. ಆದರೆ ತುರ್ತು ಖರ್ಚಿಗೆಂದು ಇಟ್ಟ ಹಣವನ್ನು ಇದಕ್ಕೆ ಹಾಕಬೇಡಿ, ಸಾಲಕ್ಕೆ ಕಟ್ಟಿದ ದುಡ್ಡು ಬೇಕೆಂದಾಗ ಹಿಂದೆ ಬಾರದು. ಇನ್ನು ಇಂಥ ಪಾವತಿ ಮಾಡುವಾಗ ಅರ್ಜಿಯಲ್ಲಿ ‘ಇಎಂಐ ಬದಲಿಸದೆ ಅವಧಿ ಕಡಿಮೆ ಮಾಡಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಇಎಂಐ ಇಳಿಸಿ ಅವಧಿ ಹಾಗೇ ಬಿಡುವ ಸಾಧ್ಯತೆ ಇದೆ.

ಸ್ಪ್ರೆಡ್ ಬಗ್ಗೆಯೂ ಒಂದು ಮಾತು. ಹೊಸಬರಿಗೆ ನಿಮ್ಮ ಬ್ಯಾಂಕೇ ಕಡಿಮೆ ಸ್ಪ್ರೆಡ್‌ನಲ್ಲಿ ಸಾಲ ಕೊಡುತ್ತಿದ್ದರೆ ನಿಮಗೂ ಇಳಿಸಿಕೊಡುವಂತೆ ಕೇಳಿ. 2025ರ ಅಕ್ಟೋಬರ್ 1ರಿಂದ ಮೂರು ವರ್ಷ ಕಾಯದೆಯೂ ಸಾಲಗಾರರ ಅನುಕೂಲಕ್ಕೆ ಸ್ಪ್ರೆಡ್ ಇಳಿಸಲು ಬ್ಯಾಂಕುಗಳಿಗೆ ಅವಕಾಶವಿದೆ. ಅವಕಾಶ ಮಾತ್ರ, ಕಡ್ಡಾಯವಲ್ಲ. ಬ್ಯಾಂಕು ಇದಕ್ಕೆ ಶುಲ್ಕ ಕೇಳಿದರೆ, ಹೊಸ ದರವನ್ನು ಮೊದಲ ಸೂತ್ರಕ್ಕೆ ಹಾಕಿ ಎಷ್ಟು ಕಂತು ಕಡಿಮೆಯಾಗುತ್ತದೆ ಎಂದು ನೋಡಿ, ಅದನ್ನು ಇಎಂಐಯಿಂದ ಗುಣಿಸಿ ಶುಲ್ಕದೊಂದಿಗೆ ಹೋಲಿಸಿದರೆ ಲಾಭವೋ ಅಲ್ಲವೋ ಕೂಡಲೇ ತಿಳಿಯುತ್ತದೆ.

## ಅರ್ಜಿ ಕೊಟ್ಟ ಮೇಲೆ

ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು. ಸಾಲದ ಖಾತೆ ಸಂಖ್ಯೆ, ರೀಸೆಟ್ ಆದ ತಾರೀಖು, ಹೊಸ ದರ, ನಿಮಗೆ ಬೇಕಾದ ಇಎಂಐ ಅಥವಾ ಉಳಿದ ಕಂತು ಇವನ್ನು ನಮೂದಿಸಿ ಇಮೇಲ್ ಕಳಿಸಿ, ಇಲ್ಲವೇ ಶಾಖೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಎಂಐ ಏರಿಸಿದರೆ ನಿಮ್ಮ ಉಳಿತಾಯ ಖಾತೆಗೆ ಕೊಟ್ಟಿರುವ ಆಟೊ ಡೆಬಿಟ್ ಅನುಮತಿಯ ಗರಿಷ್ಠ ಮೊತ್ತ ಅದಕ್ಕೆ ಸಾಲುತ್ತದೆಯೇ ಎಂದೂ ಕೇಳಿ. ಸಾಲದಿದ್ದರೆ ಹೊಸ ಮೊತ್ತದ ಕಂತು ಖಾತೆಯಿಂದ ಹೋಗುವುದೇ ಇಲ್ಲ, ದಂಡವೂ ಬೀಳುತ್ತದೆ, ಕ್ರೆಡಿಟ್ ಸ್ಕೋರಿಗೂ ಪೆಟ್ಟು.

ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಇಎಂಐ ಸಾಲನ್ನಷ್ಟೇ ನೋಡದೆ ಉಳಿದ ಕಂತುಗಳ ಸಂಖ್ಯೆಯನ್ನೂ ನೋಡಿ. ನಮ್ಮ ಉದಾಹರಣೆಯಲ್ಲಿ ₹26,517ಕ್ಕೆ ಒಪ್ಪಿದ್ದರೆ ಮೂರು ಕಂತಿನ ನಂತರ ಅಲ್ಲಿ 189 ಇರಬೇಕು. 206 ಇದ್ದರೆ ನಿಮ್ಮ ಕೋರಿಕೆ ದಾಖಲಾಗಿಲ್ಲ. ದೂರು ಕೊಟ್ಟು 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, cms.rbi.org.in ತಾಣದಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಆ ದೂರಿನ ಜೊತೆ ನಿಮ್ಮ ಇಮೇಲ್ ಅಥವಾ ಸ್ವೀಕೃತಿ, ರೀಸೆಟ್‌ಗೆ ಮೊದಲಿನ ಮತ್ತು ನಂತರದ ಸ್ಟೇಟ್‌ಮೆಂಟ್ ಎರಡನ್ನೂ ಲಗತ್ತಿಸಿ.